ಹ್ಯಾಂಡಲ್ ಇಲ್ಲದ ವಾರ್ಡ್‌ರೋಬ್ ಗೋಡೆಯ ರೆಂಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಒಂದೇ ಗೋಡೆಯನ್ನು ಉದಾಹರಣೆಯಾಗಿ ಇಟ್ಟುಕೊಂಡಿವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಸಾಧಾರಣ ಮಲಗುವ ಕೋಣೆ. ಗೋಡೆಯ ಅಗಲ 3600 ಮಿ.ಮೀ., ನೆಲದಿಂದ ಫಾಲ್ಸ್ ಸೀಲಿಂಗಿಗೆ 2700 ಮಿ.ಮೀ. ಎಡಕ್ಕೆ ಮರದ ಗ್ರೇನ್ ಇರುವ ಲ್ಯಾಮಿನೇಟಿನ ನಾಲ್ಕು ಶಟರ್, ನಡುವೆ ತೆರೆದ ಗೂಡು, ಬಲಕ್ಕೆ ಫ್ಲೂಟೆಡ್ ಶಟರ್ ಎರಡು. ಎಲ್ಲದರ ಮೇಲೆ ಲಾಫ್ಟ್. ಸೆಟ್ಟಿಂಗ್‌ಗಳ ಹೆಸರುಗಳು ಬ್ಲೆಂಡರ್‌ನ ಸೈಕಲ್ಸ್‌ನವು. ಬೇರೆ ತಂತ್ರಾಂಶದಲ್ಲಿ ಬಟನ್ನಿನ ಹೆಸರು ಬದಲಾದೀತು, ಮಿಲಿಮೀಟರು ಬದಲಾಗದು.

## ಅಳತೆ ಮತ್ತು ಶಟರ್

ರೆಂಡರ್ ಶುರು ಮಾಡೋಕೆ ಗೋಡೆ ಉದ್ದ, ಎತ್ತರ ಇದ್ರೆ ಸಾಕಲ್ವಾ? ಬಾಕಿ ಅಂದಾಜಲ್ಲಿ ಕೂರಿಸಬಹುದಲ್ಲ?

ಅಂದಾಜಿನಲ್ಲಿ ಕೂರಿಸಿದ ವಾರ್ಡ್‌ರೋಬ್ ನೋಡಿದ ಕೂಡಲೇ ಸುಳ್ಳೆನಿಸುತ್ತದೆ, ಎಲ್ಲಿ ತಪ್ಪಿದೆ ಎಂದು ಹೇಳಲು ಬಾರದಿದ್ದರೂ. ಕಾರಣ ಹೆಚ್ಚಾಗಿ ಅಂಚುಗಳಲ್ಲಿರುತ್ತದೆ: ಶಟರ್ ಗೋಡೆಗೆ ಅಂಟಿಕೊಂಡಿರುತ್ತದೆ, ಕೆಳಗೆ ಸ್ಕರ್ಟಿಂಗ್ ಇರುವುದಿಲ್ಲ, ಮೇಲೆ ಸೀಲಿಂಗಿಗೆ ತಾಗಿರುತ್ತದೆ. ನಿಜವಾದ ಗೋಡೆ ನೇರವಾಗಿ ಇರುವುದಿಲ್ಲವಾದ್ದರಿಂದ ಬಡಗಿ ಎರಡೂ ಬದಿಗೆ ಫಿಲ್ಲರ್ ಪಟ್ಟಿ ಕೊಡುತ್ತಾರೆ. ಅದಿಲ್ಲದೆ ಮೂಲೆಯ ಶಟರ್ ಪೂರ್ತಿ ತೆರೆಯುವುದೂ ಇಲ್ಲ.

ನಮ್ಮ ಗೋಡೆಯನ್ನು ಹಂಚಿದ್ದು ಹೀಗೆ. ಎರಡು ಬದಿಗೆ 30 ಮಿ.ಮೀ.ನ ಫಿಲ್ಲರ್ ಬಿಟ್ಟರೆ ಉಳಿಯುವುದು 3540. ಅದರಲ್ಲಿ ನಾಲ್ಕು ಶಟರಿಗೆ 450ರಂತೆ 1800, ಗೂಡಿಗೆ 840, ಫ್ಲೂಟೆಡ್ ಶಟರ್ ಎರಡಕ್ಕೆ 900. ಎತ್ತರದಲ್ಲಿ ಸ್ಕರ್ಟಿಂಗ್ 80, ಮುಖ್ಯ ಶಟರ್ 2100, ಲಾಫ್ಟ್ 500, ಮೇಲಿನ ಫಿಲ್ಲರ್ 20. ಕೂಡಿದರೆ ಸರಿಯಾಗಿ 2700. ಸ್ಕರ್ಟಿಂಗನ್ನು ಶಟರಿನ ಮುಖದಿಂದ 50 ಮಿ.ಮೀ. ಒಳಕ್ಕೆ ತಳ್ಳಿ. ಅಲ್ಲಿ ಬೀಳುವ ನೆರಳಿನಿಂದಲೇ ಇಡೀ ಗೋಡೆಗೆ ಭಾರ ಬರುತ್ತದೆ. ಆಳ 600 ಇರಲಿ. ಅಡ್ಡಡ್ಡ ನೇತುಹಾಕಿದ ಶರ್ಟಿಗೆ ಅಷ್ಟು ಬೇಕೇ ಬೇಕು. 450 ಆಳದ ವಾರ್ಡ್‌ರೋಬ್ ತೋರಿಸಿ ಕೋಣೆಯನ್ನು ದೊಡ್ಡದಾಗಿ ಕಾಣಿಸಿದರೆ ಆಮೇಲೆ ಸೈಟಿನಲ್ಲಿ ಉತ್ತರ ಹೇಳಬೇಕಾಗುತ್ತದೆ.

ಶಟರ್ ನಡುವೆ ಕಪ್ಪು ಗೆರೆ ಎಳೆದ್ರೆ ಆಗಲ್ವಾ? 3 ಮಿ.ಮೀ. ಸಂದು ಯಾರಿಗೆ ಕಾಣುತ್ತೆ?

ಕಾಣುತ್ತದೆ. 2400 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಸುಮಾರು 3900 ಮಿ.ಮೀ. ಹಿಡಿದಿದ್ದೀರಿ ಎಂದುಕೊಳ್ಳಿ. ಒಂದು ಮಿಲಿಮೀಟರಿಗೆ 0.6 ಪಿಕ್ಸೆಲ್ ಬಂತು, ಮೂರು ಮಿಲಿಮೀಟರಿನ ಸಂದು ಹೆಚ್ಚುಕಡಿಮೆ ಎರಡು ಪಿಕ್ಸೆಲ್. ಎಳೆದ ಗೆರೆ ಎಲ್ಲ ಕಡೆ ಒಂದೇ ಕಪ್ಪಾಗಿರುತ್ತದೆ. ನಿಜವಾದ ಸಂದು ಹಾಗಿರುವುದಿಲ್ಲ: ದೀಪದ ಹತ್ತಿರ ತುಸು ತಿಳಿಯಾಗುತ್ತದೆ, ಕೆಳಗೆ ಹೋದಂತೆ ಗಾಢವಾಗುತ್ತದೆ, ಕ್ಯಾಮೆರಾದಿಂದ ಓರೆಯಾಗಿ ನೋಡಿದ ಕಡೆ ಪಕ್ಕದ ಶಟರಿನ ಅಂಚು ಕಾಣುತ್ತದೆ.

ಆದ್ದರಿಂದ ಪ್ರತಿ ಶಟರನ್ನೂ 18 ಮಿ.ಮೀ. ದಪ್ಪದ ಬೇರೆ ಹಲಗೆಯಾಗಿಯೇ ಮಾಡಿ. 450ರ ಜಾಗದಲ್ಲಿ ಶಟರಿನ ಅಗಲ 447, 2100ರಲ್ಲಿ ಎತ್ತರ 2097. ಹಿಂದೆ ಬಾಕ್ಸಿನ ಹಲಗೆಗಳು ಇರಲೇಬೇಕು, ಇಲ್ಲದಿದ್ದರೆ ಸಂದಿನಲ್ಲಿ ಹಿಂದಿನ ಗೋಡೆ ಇಣುಕುತ್ತದೆ. ಕೊನೆಗೆ `Bevel` ಮಾಡಿಫೈಯರ್ 1 ಮಿ.ಮೀ., `Segments` 2. ಎಡ್ಜ್ ಬ್ಯಾಂಡಿನ ಮೂಲೆ ಕತ್ತಿಯಂಚಿನಂತೆ ಇರುವುದಿಲ್ಲ, ಅದರ ಮೇಲೆ ಬೆಳಕಿನ ಕೂದಲೆಳೆಯೊಂದು ಹಿಡಿಯುತ್ತದೆ. ಆ ಎಳೆ ಇಲ್ಲದಿದ್ದರೆ ಶಟರ್ ಕಾಗದ ಕತ್ತರಿಸಿ ಇಟ್ಟಂತೆ ಕಾಣುತ್ತದೆ. ಬೆವೆಲ್ ಹಾಕುವ ಮೊದಲು ವಸ್ತುವಿನ ಸ್ಕೇಲ್ ಅನ್ನು `Ctrl+A` ಒತ್ತಿ ಅಪ್ಲೈ ಮಾಡಿರಬೇಕು. ಮರೆತರೆ ಬೆವೆಲ್ ಒಂದು ದಿಕ್ಕಿಗೆ ಹಿಗ್ಗಿಕೊಂಡು, ಎತ್ತರದ ಶಟರಿನ ಮೇಲಂಚು ದಪ್ಪಗೆ ಬರುತ್ತದೆ.

ಸಂದು ಕಾಣಲಿ ಎಂದು 6 ಮಿ.ಮೀ. ಮಾಡುವವರಿದ್ದಾರೆ. ಬೇಡ. ಅಗಲ ಸಂದು ಕಂಡರೆ ಕೆಲಸ ಒರಟು ಎಂದೇ ಕಣ್ಣು ಓದುತ್ತದೆ.

ಹ್ಯಾಂಡಲ್ ಇಲ್ಲ ಅಂದ್ಮೇಲೆ ಏನೂ ತೋರಿಸೋದು ಬೇಡ ಅಲ್ವಾ? ಸಾದಾ ಹಲಗೆ ಇಟ್ರೆ ಮುಗೀತು?

ಹ್ಯಾಂಡಲ್ ಇಲ್ಲದ ಶಟರ್ ತೆರೆಯುವುದು ಹೇಗೆ ಎಂಬುದಕ್ಕೆ ರೆಂಡರ್ ಉತ್ತರ ಕೊಡಬೇಕು. ಚಾಲ್ತಿಯಲ್ಲಿರುವುದು ಮುಖ್ಯವಾಗಿ ಮೂರು ಬಗೆ, ಮೂರೂ ಬೇರೆ ಬೇರೆ ಕಾಣುತ್ತವೆ.

ಮೊದಲನೆಯದು ಪುಶ್ ಟು ಓಪನ್. ಒತ್ತಿದರೆ ಒಳಗಿನ ಪುಶರ್ ಶಟರನ್ನು ಹೊರಕ್ಕೆ ತಳ್ಳುತ್ತದೆ. ಒತ್ತಲು ಜಾಗ ಬೇಕಾದ್ದರಿಂದ ಶಟರ್ ಬಾಕ್ಸಿಗೆ ಅಂಟಿ ಕೂರುವುದಿಲ್ಲ, ಎರಡು ಮೂರು ಮಿಲಿಮೀಟರ್ ಮುಂದೆ ನಿಲ್ಲುತ್ತದೆ. ಇದನ್ನು ಮಾಡೆಲ್‌ನಲ್ಲೂ ಬಿಡಿ. ಗೂಡಿನ ಬದಿಯಿಂದ ನೋಡಿದಾಗ ಶಟರಿನ ಹಿಂದೆ ಸಣ್ಣ ನೆರಳುಗೆರೆ ಕಾಣುತ್ತದೆ.

ಎರಡನೆಯದು ಅಲ್ಯೂಮಿನಿಯಂ ಗೋಲಾ ಪ್ರೊಫೈಲ್. ಎತ್ತರದ ವಾರ್ಡ್‌ರೋಬಿಗೆ ಲಂಬವಾಗಿ, ಎರಡು ಶಟರ್ ಸೇರುವಲ್ಲಿ ಬರುತ್ತದೆ. ಬೆರಳು ಹೋಗಬೇಕಾದ್ದರಿಂದ ಅಲ್ಲಿ ಸಂದು 20ರಿಂದ 25 ಮಿ.ಮೀ. ಇರುತ್ತದೆ, ಅದಕ್ಕೆ ತಕ್ಕಂತೆ ಶಟರಿನ ಅಗಲ ಇಳಿಯುತ್ತದೆ. ಎಲ್ಲ ಸಂದಿನಲ್ಲೂ ಪ್ರೊಫೈಲ್ ಹಾಕುವುದು ಹೊಸಬರು ಮಾಡುವ ತಪ್ಪು. ಜೋಡಿ ಶಟರಿಗೆ ನಡುವೆ ಒಂದೇ ಪ್ರೊಫೈಲ್, ಹಿಂಜ್ ಇರುವ ಬದಿಗೆ ಮಾಮೂಲಿ 3 ಮಿ.ಮೀ. ಸಂದು.

ಮೂರನೆಯದು ಶಟರಿನ ಅಂಚನ್ನೇ ಒಳಕ್ಕೆ ಓರೆಯಾಗಿ ಕೊಯ್ದು ಬೆರಳಿಗೆ ಹಿಡಿತ ಕೊಡುವುದು. ಕೊಯ್ದ ಭಾಗದಲ್ಲಿ ಎಂಡಿಎಫ್‌ನ ಒಳಗು ಹೊರಬರುತ್ತದೆ, ಹಾಗಾಗಿ ಇದು ಪಿಯು ಪೇಂಟಿಗೆ ಒಗ್ಗುತ್ತದೆ, ಲ್ಯಾಮಿನೇಟಿಗೆ ಅಷ್ಟಾಗಿ ಇಲ್ಲ.

ನಮ್ಮ ಗೋಡೆಯಲ್ಲಿ ಎಲ್ಲದಕ್ಕೂ ಪುಶ್ ಟು ಓಪನ್ ತೆಗೆದುಕೊಂಡಿದ್ದೇವೆ. ಫ್ಲೂಟ್‌ಗಳ ಲಂಬ ಗೆರೆಗಳ ಪಕ್ಕ 25 ಮಿ.ಮೀ.ನ ಕಪ್ಪು ಗೋಲಾ ಬಂದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ. ಆದರೆ ಕ್ಲೈಂಟಿಗೆ ಒಂದು ಮಾತು ಮೊದಲೇ ತಿಳಿಸಿ: ಒತ್ತಿ ತೆರೆಯುವ ಶಟರಿನ ಮೇಲೆ ಬೆರಳ ಗುರುತು ಬೀಳುತ್ತದೆ, ಗಾಢ ಬಣ್ಣದ ಗ್ಲಾಸಿಯಲ್ಲಿ ಅದು ಎದ್ದು ಕಾಣುತ್ತದೆ.

ನೆಲದಿಂದ ಸೀಲಿಂಗ್‌ವರೆಗೆ ಒಂದೇ ಶಟರ್ ಬೇಕು ಅಂತಾರೆ. ರೆಂಡರ್‌ನಲ್ಲಿ ಹಾಗೇ ತೋರಿಸಬಹುದಾ?

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ, ಅಂದರೆ 2440ಕ್ಕೆ 1220. ನಮ್ಮ ಗೋಡೆಯಲ್ಲಿ ಸ್ಕರ್ಟಿಂಗ್ ಮತ್ತು ಮೇಲಿನ ಫಿಲ್ಲರ್ ಕಳೆದರೆ 2600 ಉಳಿಯುತ್ತದೆ. ಅಷ್ಟು ಎತ್ತರದ ಶಟರ್ ಒಂದು ಹಾಳೆಯಲ್ಲಿ ಬರುವುದಿಲ್ಲ, ಎಲ್ಲಾದರೂ ಜೋಡಿಸಲೇಬೇಕು. ಉದ್ದವಾದಷ್ಟೂ ಬಾಗುವ ಭಯವೂ ಹೆಚ್ಚು, ಹಿಂಬದಿಗೆ ಸ್ಟ್ರೈಟ್ನರ್ ಕೂರಿಸಬೇಕಾಗುತ್ತದೆ. ಉದ್ದದ ಬೋರ್ಡ್ ತರಿಸಿ ಮಾಡಿಕೊಡುವ ಫ್ಯಾಕ್ಟರಿ ಗೊತ್ತಿದ್ದು, ದರವೂ ಒಪ್ಪಿಗೆಯಾಗಿದ್ದರೆ ತೋರಿಸಿ. ಇಲ್ಲದಿದ್ದರೆ 2180ರ ಎತ್ತರದಲ್ಲಿ ಲಾಫ್ಟಿನ ಸಂದನ್ನು ಪ್ರಾಮಾಣಿಕವಾಗಿ ತೋರಿಸುವುದೇ ಒಳ್ಳೆಯದು. ಗೂಡಿನ ಮೇಲಂಚೂ ಅದೇ ಮಟ್ಟಕ್ಕೆ ಬಂದರೆ ಆ ಅಡ್ಡಗೆರೆ ಗೋಡೆಯುದ್ದಕ್ಕೂ ಒಂದಾಗಿ ಓಡುತ್ತದೆ, ಬೇಕೆಂದೇ ಇಟ್ಟಂತೆ ಕಾಣುತ್ತದೆ.

ಮರದ ಗ್ರೇನ್ ಎಲ್ಲಾ ಶಟರಲ್ಲೂ ಒಂದೇ ಥರ ಬರ್ತಿದೆ, ಪ್ಲಾಸ್ಟಿಕ್ ಥರ ಕಾಣುತ್ತೆ. ಏನ್ ಮಾಡ್ಲಿ?

ನಾಲ್ಕು ಶಟರಿಗೂ ಒಂದೇ ಯುವಿ ಹೋಗಿರುತ್ತದೆ, ಹಾಗಾಗಿ ಒಂದೇ ಗಂಟು ನಾಲ್ಕು ಕಡೆ ಒಂದೇ ಎತ್ತರದಲ್ಲಿ ಕಾಣುತ್ತದೆ. ಟೆಕ್ಸ್ಚರ್ ಚಿತ್ರವನ್ನು ಪೂರ್ಣ ಲ್ಯಾಮಿನೇಟ್ ಹಾಳೆಯ ಅಳತೆಗೆ, ಅಂದರೆ 2440ಕ್ಕೆ 1220ಕ್ಕೆ ಹೊಂದಿಸಿ, ಶಟರುಗಳನ್ನು ಆ ಹಾಳೆಯ ಮೇಲೆ ಬಡಗಿ ಕತ್ತರಿಸುವಂತೆಯೇ ಇಡಿ.

ಹೀಗೆ ಇಟ್ಟಾಗ ಒಂದು ಸತ್ಯ ಹೊರಬೀಳುತ್ತದೆ. 1220 ಅಗಲದಲ್ಲಿ 447ರ ಶಟರ್ ಎರಡೇ ಬರುತ್ತವೆ. ಅಂದರೆ ಗ್ರೇನ್ ಎರಡು ಶಟರಿನವರೆಗೆ ಮುಂದುವರಿದು ಮೂರನೆಯದರಲ್ಲಿ ಹೊಸ ಹಾಳೆಯಿಂದ ಶುರುವಾಗುತ್ತದೆ. ಎತ್ತರದಲ್ಲೂ ಹಾಗೆಯೇ: ಶಟರಿನ 2097ಕ್ಕೆ ಲಾಫ್ಟಿನ 497 ಸೇರಿಸಿದರೆ 2594, ಹಾಳೆ ಇರುವುದು 2440. ಕೆಳಗಿನ ಗ್ರೇನ್ ಲಾಫ್ಟಿಗೆ ಹಾಗೇ ಹರಿದುಹೋದಂತೆ ತೋರಿಸಿದರೆ ಅದನ್ನು ಕಟ್ಟಿಕೊಡಲು ಆಗುವುದಿಲ್ಲ. ಲಾಫ್ಟಿಗೆ ಬೇರೆ ಹಾಳೆಯ ತುಂಡು ಇಡಿ, ಅಥವಾ ಲಾಫ್ಟನ್ನು ಗೋಡೆಯ ಬಣ್ಣದ ಸಾದಾ ಲ್ಯಾಮಿನೇಟಿಗೆ ಬದಲಿಸಿ. ಎರಡನೆಯದು ಕೋಣೆಯನ್ನು ಹಗುರವಾಗಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಪ್ಲಾಸ್ಟಿಕ್ ಎನಿಸಲು ಇನ್ನೊಂದು ಕಾರಣ ಹೊಳಪು. ಮ್ಯಾಟ್ ಅಥವಾ ಸ್ಯೂಡ್ ಲ್ಯಾಮಿನೇಟಿಗೆ `Roughness` 0.45ರಿಂದ 0.55 ಇರಲಿ. ಅಕ್ರಿಲಿಕ್ ಗ್ಲಾಸಿ ಆದರೆ 0.05ರ ಸುಮಾರು. ಬಿಳಿ ಶಟರಿನ ಬಣ್ಣವನ್ನು 0.8ಕ್ಕಿಂತ ಮೇಲೆ ಏರಿಸಬೇಡಿ. ಪೂರ್ತಿ 1.0 ಬಿಳಿ ಕೊಟ್ಟರೆ ಬೆಳಕು ಕೋಣೆಯೊಳಗೆ ಪುಟಿಯುತ್ತಲೇ ಇದ್ದು ನೆರಳುಗಳೆಲ್ಲ ತೊಳೆದುಹೋಗುತ್ತವೆ.

## ಫ್ಲೂಟೆಡ್ ಪ್ಯಾನೆಲ್

ಫ್ಲೂಟ್‌ಗೆ ಬಂಪ್ ಮ್ಯಾಪ್ ಹಾಕಿದ್ರೆ ಸಾಕಾ? ಮಾಡೆಲ್ ಮಾಡಿದ್ರೆ ಫೈಲ್ ಭಾರ ಆಗಲ್ವಾ?

ಬಂಪ್ ಮ್ಯಾಪ್ ಮೇಲ್ಮೈ ಬಾಗಿದೆ ಎಂದು ಬೆಳಕಿಗೆ ನಂಬಿಸುತ್ತದೆ, ಒಂದು ಫ್ಲೂಟ್ ಪಕ್ಕದ ಫ್ಲೂಟಿನ ಮೇಲೆ ನೆರಳು ಚೆಲ್ಲುವಂತೆ ಮಾಡಲಾರದು. ಓರೆ ಬೆಳಕು ಬಿದ್ದಾಗ, ಅಂದರೆ ಬೆಳಕು ಬದಿಯಿಂದ ಬಂದಾಗಲೇ, ಮೋಸ ಬಯಲಾಗುತ್ತದೆ. ಶಟರಿನ ಮೇಲಂಚು ಅಲೆಯಂತೆ ಕಾಣುವ ಬದಲು ಸಪಾಟು ಗೆರೆಯಾಗಿರುವುದೂ ಕಣ್ಣಿಗೆ ಬೀಳುತ್ತದೆ.

ಭಾರದ ಭಯ ಬೇಡ. ಫ್ಲೂಟ್ ಎಂದರೆ ಒಂದು ಅಡ್ಡಛೇದವನ್ನು ಎತ್ತರಕ್ಕೆ ಎಳೆದದ್ದು, ಅಷ್ಟೆ. ನಮ್ಮ ಫ್ಲೂಟಿನ ಅಗಲ 20, ಉಬ್ಬು 6 ಮಿ.ಮೀ. ಕಮಾನಿನ ತ್ರಿಜ್ಯ ಹೀಗೆ ಬರುತ್ತದೆ:

```
R = (10² + 6²) ÷ (2 × 6) = 11.33
```

ಕಮಾನನ್ನು 8 ತುಂಡು ಮಾಡಿ, ಪಕ್ಕಕ್ಕೆ 5 ಮಿ.ಮೀ.ನ ಸಪಾಟು ಗ್ರೂವ್ ಸೇರಿಸಿ. ಒಂದು ಫ್ಲೂಟಿಗೆ 9 ಮುಖ, 18 ಫ್ಲೂಟಿಗೆ 162. ಇಡೀ ಶಟರ್ ಒಂದು ಕುರ್ಚಿಯ ಮೆತ್ತೆಯಷ್ಟೂ ಭಾರವಿಲ್ಲ. ನಕಲು ತೆಗೆಯಲು `Array` ಮಾಡಿಫೈಯರಿನಲ್ಲಿ `Constant Offset` 0.025 ಮೀ., `Count` 18. ನುಣುಪು ಬರಲು 30° ಕೋನದ ಆಟೋ ಸ್ಮೂತ್ ಕೊಡಿ. ಕಮಾನಿನ ತುಂಡುಗಳ ನಡುವಿನ ಕೋನ ಸುಮಾರು 15° ಆದ್ದರಿಂದ ಅವು ಒಂದಾಗಿ ಬೆರೆಯುತ್ತವೆ, ಗ್ರೂವ್ ಸೇರುವ ಮೂಲೆ 50°ಗಿಂತ ಹೆಚ್ಚಿರುವುದರಿಂದ ಚೂಪಾಗಿಯೇ ಉಳಿಯುತ್ತದೆ. ಎಲ್ಲವನ್ನೂ ಸ್ಮೂತ್ ಮಾಡಿಬಿಟ್ಟರೆ ಗ್ರೂವಿನಲ್ಲಿ ಕೊಳಕು ಮೆತ್ತಿದಂತೆ ವಿಚಿತ್ರ ನೆರಳು ಕಾಣುತ್ತದೆ.

ಎರಡು ಫ್ಲೂಟೆಡ್ ಶಟರ್ ಪಕ್ಕಪಕ್ಕ ಇಟ್ರೆ ನಡುವಿನ ಸಂದು ಹಲ್ಲು ಬಿದ್ದ ಹಾಗೆ ಕಾಣುತ್ತೆ. ಮುಚ್ಚೋದು ಹೇಗೆ?

ಸಂದು ಫ್ಲೂಟಿನ ಉಬ್ಬಿನ ಮೇಲೆ ಬಿದ್ದಿದೆ, ಅಥವಾ ಶಟರಿನ ಅಗಲಕ್ಕೆ ಫ್ಲೂಟ್‌ಗಳು ಸರಿಯಾಗಿ ಭಾಗವಾಗದೆ ಕೊನೆಯದು ಅರ್ಧ ಕತ್ತರಿಸಿದೆ. ಸಂದನ್ನು ಗ್ರೂವಿನೊಳಗೇ ಬೀಳಿಸಿದರೆ ಅದು ಕಣ್ಣಿಗೆ ಬೇರೆಯಾಗಿ ಕಾಣುವುದೇ ಇಲ್ಲ.

ಲೆಕ್ಕ ನೋಡಿ. ಫ್ಲೂಟ್ 20, ಗ್ರೂವ್ 5, ಒಟ್ಟು 25. ಒಂದು ಶಟರಿನ ಜಾಗ 450, ಅದರಲ್ಲಿ 25 ಸರಿಯಾಗಿ 18 ಸಲ ಬರುತ್ತದೆ. ಶಟರಿನ ನಿಜವಾದ ಅಗಲ 447. ಅದರಲ್ಲಿ 18 ಫ್ಲೂಟ್, ನಡುವೆ 17 ಗ್ರೂವ್, ಎರಡು ಅಂಚಿಗೆ ಉಳಿದ ಒಂದೊಂದು ಮಿಲಿಮೀಟರ್:

```
18 × 20 + 17 × 5 + 2 × 1 = 447
```

ಎರಡು ಶಟರ್ ಸೇರಿದಲ್ಲಿ 1 + 3 + 1, ಮತ್ತೆ ಅದೇ 5 ಮಿ.ಮೀ. ಸಂದು ಇನ್ನೊಂದು ಗ್ರೂವಿನಂತೆಯೇ ಕಾಣುತ್ತದೆ, ಸ್ವಲ್ಪ ಹೆಚ್ಚು ಗಾಢವಾಗಿ. ಅಗಲ ಬದಲಾದರೆ ಫ್ಲೂಟಿನ ಅಳತೆಯನ್ನೇ ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ, ಶಟರಿನ ಜಾಗ ಅದರ ಪೂರ್ಣ ಗುಣಕವಾಗುವಂತೆ ನೋಡಿಕೊಳ್ಳಿ. ಸಿದ್ಧ ಪ್ಯಾನೆಲ್ ಅಂಟಿಸುವುದಾದರೆ ಆ ಸ್ವಾತಂತ್ರ್ಯ ಇರುವುದಿಲ್ಲ. ಪ್ಯಾನೆಲಿನ ಅಳತೆ ಕೇಳಿಕೊಂಡು ಶಟರಿನ ಅಗಲವನ್ನು ಅದಕ್ಕೆ ಹೊಂದಿಸಬೇಕು.

ದಪ್ಪದ ವಿಷಯವೂ ಇದಕ್ಕೇ ಸೇರಿದ್ದು. 18ರ ಪ್ಲೈ ಮೇಲೆ 12ರ ಪ್ಯಾನೆಲ್ ಅಂಟಿಸಿದರೆ ಶಟರ್ 30 ಆಗುತ್ತದೆ. ಅಷ್ಟು ದಪ್ಪದ ಶಟರ್ ತಿರುಗುವಾಗ ಅದರ ಅಂಚು ಪಕ್ಕದ ಶಟರಿಗೆ ಉಜ್ಜುತ್ತದೆ, 3 ಮಿ.ಮೀ. ಸಂದು ಸಾಲದು, ದಪ್ಪ ಶಟರಿನ ಹಿಂಜ್ ಬೇರೆಯೇ ಬೇಕು. ಅದಕ್ಕೇ ನಾವು 18ರ ಎಂಡಿಎಫ್‌ನಲ್ಲೇ 6 ಮಿ.ಮೀ. ಆಳಕ್ಕೆ ಕೊರೆದು ಪಿಯು ಪೇಂಟ್ ಮಾಡುವ ಫ್ಲೂಟ್ ಆರಿಸಿಕೊಂಡೆವು. ಶಟರುಗಳ ಮುಖವೆಲ್ಲ ಒಂದೇ ಮಟ್ಟದಲ್ಲಿ ಉಳಿಯಿತು. ಇಂಥ ಸಣ್ಣ ಬಾಗಿನ ಮೇಲೆ 1 ಮಿ.ಮೀ. ಲ್ಯಾಮಿನೇಟ್ ಸುತ್ತಿಕೊಳ್ಳುವುದಿಲ್ಲ. ಆದ್ದರಿಂದ ಫ್ಲೂಟಿನ ಮೇಲೆ ಪಕ್ಕದ ಶಟರಿನದೇ ಲ್ಯಾಮಿನೇಟ್ ಟೆಕ್ಸ್ಚರ್ ಹಾಕಿ ತೋರಿಸಬೇಡಿ.

ಸ್ಟ್ರಿಪ್ ಲೈಟ್ ಹಾಕಿದ್ರೂ ಫ್ಲೂಟ್ ಚಪ್ಪಟೆಯಾಗೇ ಕಾಣುತ್ತೆ, ಯಾಕೆ?

ಬೆಳಕು ಮೇಲಿಂದ ಬರುತ್ತಿದೆ, ಫ್ಲೂಟ್‌ಗಳೂ ಮೇಲಿಂದ ಕೆಳಕ್ಕೇ ಇವೆ. ಬೆಳಕು ಗ್ರೂವಿನ ಉದ್ದಕ್ಕೂ ಜಾರಿ ಹೋಗುತ್ತದೆ, ಅಡ್ಡ ಬರುವುದು ಏನೂ ಇಲ್ಲ, ನೆರಳಿಲ್ಲ. ಸೀಲಿಂಗಿನ ಕೋವ್‌ನಿಂದ ಬರುವ ಬೆಳಕು ಶಟರಿಗೆ ಮೇಲಿಂದ ಕೆಳಕ್ಕೆ ಕರಗುವ ಚೆಂದದ ಇಳಿಜಾರು ಕೊಡುತ್ತದೆ, ಆದರೆ ಉಬ್ಬುತಗ್ಗು ತೋರಿಸುವ ಕೆಲಸ ಅದರದಲ್ಲ.

ಉಬ್ಬು ಕಾಣಬೇಕಾದರೆ ಬೆಳಕು ಬದಿಯಿಂದ ಬರಬೇಕು, ಒಂದೇ ಬದಿಯಿಂದ. ಎರಡೂ ಬದಿಯಿಂದ ಸಮವಾಗಿ ಕೊಟ್ಟರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ನಮ್ಮ ಕೋಣೆಯಲ್ಲಿ ಕಿಟಕಿ ಎಡಕ್ಕಿದೆ, ಹಗಲಿನ ರೆಂಡರಿನಲ್ಲಿ ಅದರ ಬೆಳಕೇ ಆ ಕೆಲಸ ಮಾಡುತ್ತದೆ. ರಾತ್ರಿಯ ರೆಂಡರಿಗೆ ಕಿಟಕಿಯ ಬದಿಯ ಡೌನ್‌ಲೈಟ್‌ಗಳನ್ನು ಉಳಿಸಿಕೊಂಡು ಇನ್ನೊಂದು ಬದಿಯವನ್ನು ಅರ್ಧಕ್ಕೆ ಇಳಿಸಿ.

ಸ್ಟ್ರಿಪ್ಪೇ ಫ್ಲೂಟನ್ನು ಬೆಳಗಬೇಕೆಂದರೆ ಅದು ಫ್ಲೂಟಿನ ಮುಖಕ್ಕಿಂತ 40–50 ಮಿ.ಮೀ. ಮುಂದಿರಬೇಕು. ಶಟರಿನ ಮುಂದೆ ಅದನ್ನು ಕೂರಿಸಲು ಜಾಗವೇ ಇಲ್ಲ. ಗೂಡಿನ ಹಿಂದಿನ ಗೋಡೆಗೆ ಫ್ಲೂಟ್ ಕೊಟ್ಟು, ಗೂಡಿನ ಒಂದು ಪಕ್ಕದ ಹಲಗೆಯಲ್ಲಿ ಲಂಬ ಪ್ರೊಫೈಲ್ ಹುದುಗಿಸಿದರೆ ಆಗುತ್ತದೆ, ನೋಡಲೂ ಚೆನ್ನಾಗಿರುತ್ತದೆ.

## ಅಡಗಿಸಿದ ಸ್ಟ್ರಿಪ್ ಲೈಟ್

ಎಲ್ಇಡಿ ಸ್ಟ್ರಿಪ್‌ಗೆ ಎಮಿಶನ್ ಮೆಟೀರಿಯಲ್ ಕೊಡೋದಾ, ಏರಿಯಾ ಲೈಟ್ ಹಾಕೋದಾ?

ಬೆಳಕು ಕೊಡುವ ಕೆಲಸಕ್ಕೆ ಏರಿಯಾ ಲೈಟ್. ಕಣ್ಣಿಗೆ ಕಾಣುವ ಬಿಳಿ ಡಿಫ್ಯೂಸರ್ ಪಟ್ಟಿ ಬೇಕಾದರೆ ಮಾತ್ರ ಅದಕ್ಕೆ ಮಂದ ಎಮಿಶನ್ ಇರುವ ತೆಳು ಮೆಶ್. ಸೈಕಲ್ಸ್‌ನಲ್ಲಿ ಏರಿಯಾ ಲೈಟ್ ಕ್ಯಾಮೆರಾಕ್ಕೆ ನೇರ ಕಾಣುವುದಿಲ್ಲ, ಪ್ರತಿಫಲನದಲ್ಲಿ ಕಾಣುತ್ತದೆ.

ಗೂಡಿನ ಮೇಲಿನ ಹಲಗೆಯ ತಳದಲ್ಲಿ, ಮುಂದಿನ ಪಟ್ಟಿಯಿಂದ 40 ಮಿ.ಮೀ. ಹಿಂದೆ, 18 ಅಗಲ 10 ಆಳದ ಗ್ರೂವ್ ಕೊರೆಯಿರಿ. ಅದರಲ್ಲಿ `Rectangle` ಆಕಾರದ ಏರಿಯಾ ಲೈಟ್, `Size X` 0.80 ಮೀ., `Y` 0.010 ಮೀ. ಗ್ರೂವಿನ ತಳಕ್ಕಿಂತ ಒಂದೆರಡು ಮಿಲಿಮೀಟರ್ ಕೆಳಗೆ ಇಡಿ. ಎರಡೂ ಒಂದೇ ಸಮತಲದಲ್ಲಿ ಬಿದ್ದರೆ ಬೆಳಕು ತೇಪೆ ತೇಪೆಯಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ಅಡಗುವ ಲೆಕ್ಕ ಮುಂದಿನ ಪಟ್ಟಿಯದು. ಪಟ್ಟಿ 25 ಮಿ.ಮೀ. ಕೆಳಕ್ಕಿಳಿದಿದೆ ಎನ್ನಿ. ಗೂಡಿನ ಮೇಲಂಚು ಸುಮಾರು 2.1 ಮೀಟರ್, ನಿಂತವರ ಕಣ್ಣು 1.55. ಒಂದು ಮೀಟರ್ ದೂರದಿಂದ ನೋಡಿದರೆ ಪ್ರತಿ ಮೀಟರಿಗೆ ದೃಷ್ಟಿ 0.55 ಮೀ. ಏರುತ್ತದೆ. ಪಟ್ಟಿಯ ಹಿಂದೆ 40 ಮಿ.ಮೀ.ನಲ್ಲಿ ಅದು 22 ಏರಿರುತ್ತದೆ, 25ಕ್ಕಿಂತ ಕಡಿಮೆ. ಸ್ಟ್ರಿಪ್ ಕಾಣುವುದಿಲ್ಲ. ಇದೇ ಲೆಕ್ಕವನ್ನು ಮಂಚದ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೂ ಹಾಕಿ ನೋಡಿ. ರೆಂಡರಿನ ಕ್ಯಾಮೆರಾಕ್ಕೆ ಅಡಗಿದ್ದರೆ ಸಾಲದು, ಮನೆಯವರ ಕಣ್ಣಿಗೂ ಅಡಗಿರಬೇಕು.

ಸ್ಟ್ರಿಪ್ ಮೇಲೆ 9.6 ವ್ಯಾಟ್ ಅಂತ ಇದೆ. ಅದನ್ನೇ ಹಾಕಿದ್ರೆ ಗೂಡೆಲ್ಲ ಸುಟ್ಟ ಹಾಗೆ ಬೆಳ್ಳಗಾಗುತ್ತೆ. ಎಷ್ಟು ಕೊಡ್ಬೇಕು?

ಸ್ಟ್ರಿಪ್ಪಿನ ಮೇಲಿರುವುದು ಅದು ಎಳೆಯುವ ವಿದ್ಯುತ್ತಿನ ವ್ಯಾಟ್. ಬ್ಲೆಂಡರ್ ಕೇಳುವುದು ಹೊರಬರುವ ಬೆಳಕಿನ ವ್ಯಾಟ್. ನಡುವೆ ಲ್ಯೂಮೆನ್ ಮೂಲಕ ಹೋಗಬೇಕು:

```
W = lm ÷ 683
```

ಮೀಟರಿಗೆ 9.6 ವ್ಯಾಟಿನ ಸ್ಟ್ರಿಪ್ ಸುಮಾರು 900 ಲ್ಯೂಮೆನ್ ಕೊಡುತ್ತದೆ ಎಂದುಕೊಳ್ಳಿ. 0.80 ಮೀಟರಿಗೆ 720. ಡಿಫ್ಯೂಸರ್ ಮೂರನೇ ಒಂದು ಭಾಗದಷ್ಟು ನುಂಗಿದರೆ 480. ಅದನ್ನು 683ರಿಂದ ಭಾಗಿಸಿದರೆ 0.7 ವ್ಯಾಟ್. 9.6 ಹಾಕಿದಾಗ ನೀವು ಕೊಟ್ಟದ್ದು ಅದರ ಸುಮಾರು ಹದಿನಾಲ್ಕು ಪಟ್ಟು.

ಕೋಣೆಯ ಉಳಿದ ದೀಪಗಳಿಗೂ ಇದೇ ಲೆಕ್ಕ ಹಾಕಿ. 1100 ಲ್ಯೂಮೆನ್‌ನ ಡೌನ್‌ಲೈಟ್ 1.6 ವ್ಯಾಟ್ ಆಗುತ್ತದೆ, ಅಂಥವು ನಾಲ್ಕು. ಈಗ ಚಿತ್ರವೆಲ್ಲ ಕತ್ತಲಾಗುತ್ತದೆ, ಗಾಬರಿಯಾಗಿ ದೀಪಗಳನ್ನು ಏರಿಸಬೇಡಿ. ಕತ್ತಲಾದದ್ದು ಕ್ಯಾಮೆರಾ ಇನ್ನೂ ಹೊಂದಿಕೊಂಡಿಲ್ಲವೆಂದು. `Color Management` ಅಡಿಯ `Exposure` ಅನ್ನು 2.5ರಿಂದ 3ಕ್ಕೆ ಏರಿಸಿ, ಕೋಣೆ ಬೆಳಗುತ್ತದೆ. ದೀಪ ದೀಪಗಳ ನಡುವಿನ ಅನುಪಾತ ನಿಜದಂತೆಯೇ ಉಳಿಯುತ್ತದೆ, ರೆಂಡರಿನ ನಂಬಿಕೆ ನಿಂತಿರುವುದು ಆ ಅನುಪಾತದ ಮೇಲೆ. `View Transform` ಬ್ಲೆಂಡರ್ 4.0ರಿಂದ ತಾನಾಗಿ ಬರುವ `AgX` ಇರಲಿ. `Standard` ಆದರೆ ಸ್ಟ್ರಿಪ್ಪಿನ ಬುಡ ಬೇಗ ಸುಡುತ್ತದೆ.

ಇಷ್ಟಾದರೂ ಒಂದು ಗೆರೆ ಮಾತ್ರ ಉರಿಯುತ್ತಿದ್ದರೆ ಸ್ಟ್ರಿಪ್ ಹಿಂದಿನ ಹಲಗೆಗೆ ತೀರಾ ಹತ್ತಿರವಿದೆ. 20 ಮಿ.ಮೀ. ದೂರದಿಂದ ನೇರ ಹೊಡೆದರೆ ನಿಜದ ಕೋಣೆಯಲ್ಲೂ ಹಾಗೆಯೇ ಉರಿಯುತ್ತದೆ. ಬದಲಿಸಬೇಕಾದ್ದು ವ್ಯಾಟನ್ನಲ್ಲ, ಸ್ಟ್ರಿಪ್ಪಿನ ಜಾಗವನ್ನು.

3000 ಕೆಲ್ವಿನ್ ಕೊಟ್ರೆ ಕಿತ್ತಳೆ ಬಣ್ಣ ಬರುತ್ತೆ. ಅಂಗಡೀಲಿ ನೋಡಿದ ವಾರ್ಮ್ ವೈಟ್ ಹಾಗಿರಲಿಲ್ಲ.

ಬ್ಲೆಂಡರಿನ ಬಿಳಿ ಸುಮಾರು 6500 ಕೆಲ್ವಿನ್‌ನದು. ಅದರ ಎದುರು `Blackbody` ನೋಡಿನ 3000 ಕಿತ್ತಳೆಯಾಗಿಯೇ ಕಾಣಬೇಕು. ಅಂಗಡಿಯಲ್ಲಿ ನಿಮ್ಮ ಕಣ್ಣು ಆ ಬೆಳಕಿಗೆ ಹೊಂದಿಕೊಂಡಿತ್ತು. ಹೊಸ ಆವೃತ್ತಿಗಳಲ್ಲಿ `Color Management` ಒಳಗೆ `White Balance` ಇದೆ, ಕೋಣೆಯ ಮುಖ್ಯ ದೀಪ 4000 ಆಗಿದ್ದರೆ ಅದಕ್ಕೂ 4000ದ ಸುಮಾರು ಕೊಡಿ. ಆಗ ಕೋಣೆ ಬಿಳಿ, ಸ್ಟ್ರಿಪ್ ಮೆಲ್ಲಗೆ ಹಳದಿ. ಹಳೆಯ ಆವೃತ್ತಿಯಾದರೆ ಡೌನ್‌ಲೈಟಿಗೆ 6500, ಸ್ಟ್ರಿಪ್ಪಿಗೆ 4500ರ ಆಸುಪಾಸು ಕೊಟ್ಟು ಅದೇ ಅಂತರ ತನ್ನಿ. ಆದರೆ ಬಡಗಿಗೆ, ಎಲೆಕ್ಟ್ರಿಷಿಯನ್‌ಗೆ ಕೊಡುವ ಪಟ್ಟಿಯಲ್ಲಿ 3000 ಎಂದೇ ಬರೆಯಿರಿ.

ಲಾಫ್ಟ್ ಕೆಳಗೆ, ಶಟರ್ ಸಂದೀಲಿ ಬೆಳಕು ಸೋರುತ್ತೆ. ಎಲ್ಲಿಂದ ಬರ್ತಿದೆ?

ಒಂದೋ ಬಾಕ್ಸಿನ ಹಲಗೆಗಳಿಗೆ ದಪ್ಪವಿಲ್ಲ, ಇಲ್ಲವೇ ಮೂಲೆಯಲ್ಲಿ ಅವು ಒಂದಕ್ಕೊಂದು ಮುಟ್ಟಿಲ್ಲ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಒಂದೊಂದೇ ಸ್ಟ್ರಿಪ್ ಹಚ್ಚಿ ನೋಡಿದರೆ ಸೋರುವ ಜಾಗ ಸಿಗುತ್ತದೆ. ಹಲಗೆಗಳಿಗೆಲ್ಲ 18, ಹಿಂಬದಿಯ ಹಾಳೆಗೆ 6 ಮಿ.ಮೀ. ದಪ್ಪ ಕೊಡಿ.

ವಾರ್ಡ್‌ರೋಬಿನ ಒಳಗಿನ ಸ್ಟ್ರಿಪ್ಪೇ ಸಂದಿನಿಂದ ಕಾಣುತ್ತಿದ್ದರೆ ಅದು ಬೇರೆ ವಿಷಯ. ಒಳದೀಪ ಸೆನ್ಸರ್‌ನಿಂದ ಶಟರ್ ತೆರೆದಾಗಷ್ಟೇ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಶಟರಿನ ಚಿತ್ರದಲ್ಲಿ ಅದನ್ನು ಆರಿಸಿಬಿಡಿ.

## ಕ್ಯಾಮೆರಾ ಮತ್ತು ಕೊನೆಯ ಚಿತ್ರ

ಕೋಣೆ ಚಿಕ್ಕದು, ಇಡೀ ಗೋಡೆ ಫ್ರೇಮಿಗೆ ಬರಲ್ಲ. ವೈಡ್ ಲೆನ್ಸ್ ಹಾಕಿದ್ರೆ ಕೊನೆ ಶಟರ್ ಹಿಗ್ಗುತ್ತೆ.

ಕ್ಯಾಮೆರಾವನ್ನು ಎದುರು ಗೋಡೆಯ ಆಚೆಗೆ ತೆಗೆದುಕೊಂಡು ಹೋಗಿ. ಶಟರಿನಿಂದ 4 ಮೀಟರ್ ದೂರ ನಿಂತರೆ 3900 ಮಿ.ಮೀ. ಅಗಲ ಹಿಡಿಯಲು 36–37 ಮಿ.ಮೀ. ಲೆನ್ಸ್ ಸಾಕು. ನಮ್ಮ ಕೋಣೆಯಲ್ಲಿ ಶಟರಿನಿಂದ ಎದುರು ಗೋಡೆಗೆ 2.7 ಮೀಟರ್, ಗೋಡೆ 150 ಮಿ.ಮೀ. ದಪ್ಪ. ಆದ್ದರಿಂದ `Clip Start` 1.4 ಮೀ. ಕೊಟ್ಟರೆ ಗೋಡೆ ಕ್ಯಾಮೆರಾಕ್ಕೆ ಕಾಣದು, ಬೆಳಕನ್ನು ಪುಟಿಸುವ ಕೆಲಸ ಮಾತ್ರ ಮಾಡುತ್ತಲೇ ಇರುತ್ತದೆ. ಗೋಡೆಯನ್ನೇ ಅಳಿಸಿದರೆ ಆ ಬೆಳಕು ಹೊರಗೆ ಹೋಗಿ ಶಟರ್ ಮಂಕಾಗುತ್ತದೆ.

ಕ್ಯಾಮೆರಾದ ಎತ್ತರ 1.25 ಮೀ., ತಿರುವು ಸರಿಯಾಗಿ 90°. ಮೇಲೆ ಕೆಳಗೆ ಸರಿಸಬೇಕಿದ್ದರೆ ಕ್ಯಾಮೆರಾವನ್ನು ಬಗ್ಗಿಸದೆ `Shift Y` ಬಳಸಿ. ಒಂದೆರಡು ಡಿಗ್ರಿ ಬಗ್ಗಿದರೂ ಫ್ಲೂಟಿನ 36 ಲಂಬ ಗೆರೆಗಳು ಒಟ್ಟಿಗೆ ಒಂದೆಡೆಗೆ ವಾಲಿ ತಪ್ಪನ್ನು ಸಾರಿ ಹೇಳುತ್ತವೆ.

ಗೂಡಿನೊಳಗೆ ಚುಕ್ಕೆ ಚುಕ್ಕೆ ಬರುತ್ತೆ. ಡಿನಾಯ್ಸ್ ಹಾಕಿದ್ರೆ ಫ್ಲೂಟ್ ಕರಗಿಹೋಗುತ್ತೆ.

ಡಿನಾಯ್ಸರಿಗೆ ಕೊಟ್ಟ ಮಾದರಿಗಳು ಕಡಿಮೆಯಾದವು. ಗ್ರೂವ್ ಯಾವುದು, ಚುಕ್ಕೆ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. `Noise Threshold` 0.01, `Max Samples` 1024ಕ್ಕೆ ಇಟ್ಟು ನೋಡಿ. `Caustics`ನ ಎರಡೂ ಟಿಕ್ ತೆಗೆಯಿರಿ, `Clamp`ನ `Indirect Light` ಅನ್ನು 10ರಿಂದ 3ಕ್ಕೆ ಇಳಿಸಿ. ಗೂಡಿನ ಬೆಳಕು ಹೆಚ್ಚಾಗಿ ಪುಟಿದು ಬರುವಂಥದ್ದು, ಹಾಗಾಗಿ `Diffuse` ಬೌನ್ಸ್ 4ರಿಂದ 6ಕ್ಕೆ ಏರಿಸಿದರೆ ಮೂಲೆಗಳ ಕಪ್ಪು ಹೋಗುತ್ತದೆ.

ಕಂಪ್ಯೂಟರಿನಲ್ಲಿ ಚೆನ್ನಾಗಿದ್ದು ಫೋನಿಗೆ ಹೋದಾಗ ಫ್ಲೂಟಿನಲ್ಲಿ ಅಲೆಯಲೆ ಪಟ್ಟೆ ಕಂಡರೆ ರೆಂಡರಿನ ತಪ್ಪಲ್ಲ. 2400 ಅಗಲದ ಚಿತ್ರದಲ್ಲಿ ಒಂದು ಫ್ಲೂಟಿಗೆ 15 ಪಿಕ್ಸೆಲ್ ಸಿಗುತ್ತದೆ, 400ಕ್ಕೆ ಕುಗ್ಗಿದರೆ ಎರಡೂವರೆ. ಅಷ್ಟರಲ್ಲಿ ಗೆರೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ.

ರೆಂಡರ್ ಒಪ್ಪಿಗೆ ಆಯ್ತು. ಸೈಟಿಗೆ ಚಿತ್ರ ಒಂದೇ ಕೊಟ್ರೆ ಸಾಕಾ?

ಚಿತ್ರ ನೋಡಿ ಯಾರೂ ಗ್ರೂವ್ ಕೊರೆಯಲಾರರು. ಮುಖನೋಟದಲ್ಲಿ ಮೇಲೆ ಹೇಳಿದ ಅಳತೆಗಳು, ಫ್ಲೂಟಿನ ಅಡ್ಡಛೇದ ಒಂದು, ಗೂಡಿನ ಮೇಲಿನ ಹಲಗೆಯ ಅಡ್ಡಛೇದ ಒಂದು. ಇವಿಷ್ಟು ಕಾಗದ ಚಿತ್ರದ ಜೊತೆ ಹೋಗಬೇಕು.

ರೆಂಡರಿನಲ್ಲಿ ಎಲ್ಲಿಯೂ ಕಾಣದ ಒಂದು ವಸ್ತುವನ್ನು ಕಾಗದದಲ್ಲಿ ಗುರುತಿಸಲೇಬೇಕು, ಅದು ಸ್ಟ್ರಿಪ್ಪಿನ ಡ್ರೈವರ್. ಅದು ಬಿಸಿಯಾಗುತ್ತದೆ, ಕೆಲವು ವರ್ಷಕ್ಕೆ ಕೆಡುತ್ತದೆ, ಬದಲಿಸಲು ಕೈ ಹೋಗುವಂತಿರಬೇಕು. ಗೂಡಿನ ಮೇಲಿನ ಲಾಫ್ಟಿನೊಳಗೆ, ಹಿಂದಿನ ಮೂಲೆಯಲ್ಲಿ ಇಟ್ಟು, ಅಲ್ಲಿಂದ ಗ್ರೂವಿಗೆ ವೈರ್ ಇಳಿಯಲು 10 ಮಿ.ಮೀ. ರಂಧ್ರವನ್ನು ಹಲಗೆಯಲ್ಲಿ ಗುರುತು ಮಾಡಿ. ಲಾಫ್ಟಿನೊಳಗೆ ಪವರ್ ಪಾಯಿಂಟ್ ಬೇಕೆಂದು ಎಲೆಕ್ಟ್ರಿಷಿಯನ್‌ಗೆ ತಿಳಿಯಬೇಕಾದ್ದು ಬಾಕ್ಸ್ ಕೂರಿಸಿದ ಮೇಲಲ್ಲ, ಗೋಡೆಗೆ ಪುಟ್ಟಿ ಬೀಳುವ ಮೊದಲು.